ಮಾತ್ರೆ ಬಿಟ್ಟು ತೊಂಬತ್ತೊಂದು ದಿನ, ಡೇಟ್ ಮಾತ್ರ ಇಲ್ಲ

2024ರ ಜನವರಿ 14, ಸಂಕ್ರಾಂತಿಯ ಹಿಂದಿನ ರಾತ್ರಿ, ಗರ್ಭ ತಡೆಯುವ ಮಾತ್ರೆಗಳಲ್ಲಿ ಹಾರ್ಮೋನ್ ಇರುವ ಕೊನೆಯದನ್ನು ನುಂಗಿದೆ. ಎಳ್ಳು ಬೆಲ್ಲದ ಡಬ್ಬಿ ಪಕ್ಕದಲ್ಲೇ ಕೊನೆಯ ಏಳು ಮಾತ್ರೆ ಉಳಿದ ಸ್ಟ್ರಿಪ್ ಬಿದ್ದಿತ್ತು, ಅದಕ್ಕೇ ದಿನಾಂಕ ಇಷ್ಟು ಚೆನ್ನಾಗಿ ನೆನಪಿದೆ. ಮದುವೆಯಾಗಿ ಮೂರು ವರ್ಷ, ಮೂರು ವರ್ಷವೂ ಮಾತ್ರೆ. ಇನ್ನು ಮಗು ಆಗಲಿ ಅಂತ ಇಬ್ಬರೂ ಮಾತಾಡಿಕೊಂಡು ನಿಲ್ಲಿಸಿದ್ದು. ನನಗಾಗ 29.

ಜನವರಿ 17ಕ್ಕೆ ಬ್ಲೀಡಿಂಗ್ ಆಯಿತು. ನಾಲ್ಕು ದಿನ, ಎಂದಿನ ಹಾಗೆ. ಸರಿ, ಫೆಬ್ರವರಿ 14ರ ಹೊತ್ತಿಗೆ ಮುಂದಿನದು ಬರಬೇಕು ಅಂತ ಮೊಬೈಲಿನಲ್ಲಿ ಗುರುತು ಹಾಕಿಕೊಂಡೆ. ನನ್ನ ಮೊದಲ ತಪ್ಪು ಲೆಕ್ಕ ಅದೇ. ಅದು ಮುಟ್ಟಾಗಿರಲಿಲ್ಲ.

ಇದನ್ನು ಮೂರು ವರ್ಷದಲ್ಲಿ ನನಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ನಾನು ತಗೋತಿದ್ದ ಥರದ ಪ್ಯಾಕೆಟ್‌ನಲ್ಲಿ 28 ಮಾತ್ರೆ ಇರುತ್ತವೆ. ಮೊದಲ 21ರಲ್ಲಿ ಹಾರ್ಮೋನ್ ಇರುತ್ತೆ, ಉಳಿದ ಏಳರಲ್ಲಿ ಇರಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ಮಾಲಾ-ಎನ್‌ನಲ್ಲಿ ಆ ಏಳು ಕಬ್ಬಿಣದ ಮಾತ್ರೆಗಳು. ಹಾರ್ಮೋನ್ ನಿಂತ ಎರಡು ಮೂರು ದಿನಕ್ಕೆ ಗರ್ಭಕೋಶದ ಒಳಪದರ ಕಳಚಿ ರಕ್ತ ಹೋಗುತ್ತೆ. ಅಂಡಾಶಯಕ್ಕೂ ಅದಕ್ಕೂ ಸಂಬಂಧವಿಲ್ಲ, ಅಂಡ ಬಿಡುಗಡೆಯೂ ಆಗಿರಲ್ಲ, ಅದನ್ನು ತಡೆಯುವುದೇ ಮಾತ್ರೆಯ ಕೆಲಸ ಅಲ್ವಾ. ಹಾಗಾಗಿ ಮಾತ್ರೆ ನುಂಗುತ್ತಿದ್ದಷ್ಟು ದಿನ ತಿಂಗಳು ತಿಂಗಳು ಗಡಿಯಾರದ ಹಾಗೆ ಆಗುತ್ತಿದ್ದುದು ಮಾತ್ರೆಯ ಗಡಿಯಾರ, ನನ್ನದಲ್ಲ. ಜನವರಿ 17ರದ್ದೂ ಅದೇ ಗಡಿಯಾರದ ಕೊನೆಯ ಗಂಟೆ. ನನ್ನ ದೇಹದ ಲೆಕ್ಕ ಅಲ್ಲಿಂದ ಮುಂದೆ ಶುರು.

ಫೆಬ್ರವರಿ 14 ಹೋಯಿತು. 18 ಹೋಯಿತು. ಹೊಟ್ಟೆ ಬಿಗಿದ ಹಾಗೆ, ಎದೆ ಭಾರವಾದ ಹಾಗೆ ಅನಿಸೋದು, ಬಾತ್‌ರೂಮಿಗೆ ಹೋದಾಗಲೆಲ್ಲ ನೋಡೋದು, ಏನೂ ಇಲ್ಲ. 20ನೇ ತಾರೀಕು ಬೆಳಗ್ಗೆ ಮೆಡಿಕಲ್ಸ್‌ನಿಂದ ತಂದಿದ್ದ ಬಸಿರಿನ ಕಾರ್ಡ್ ಟೆಸ್ಟ್ ಮಾಡಿದೆ. ಮೂರು ಹನಿ, ಐದು ನಿಮಿಷ. ಸಿ ಹತ್ತಿರ ಒಂದು ಗೆರೆ, ಟಿ ಹತ್ತಿರ ಏನೂ ಇಲ್ಲ, ಅಂದರೆ ನೆಗೆಟಿವ್. ಕಾರ್ಡನ್ನು ಕಿಟಕಿ ಕಟ್ಟೆಯ ಮೇಲೆ ಬಿಟ್ಟು ತಿಂಡಿ ಮಾಡಲು ಹೋದೆ. ಅರ್ಧ ಗಂಟೆ ಬಿಟ್ಟು ಎಸೆಯಲು ಬಂದರೆ ಟಿ ಪಕ್ಕ ಬೂದು ಬಣ್ಣದ ಎಳೆಯ ಹಾಗೆ ಏನೋ ಕಾಣಿಸುತ್ತಿದೆ! ಇವರನ್ನು ಎಬ್ಬಿಸಿ ತೋರಿಸಿದೆ. ಬೆಳಕಿಗೆ ಹಿಡಿದು, ಓರೆ ಹಿಡಿದು, ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದ್ದೇ ನೋಡಿದ್ದು. ಮಾರನೇ ದಿನ ಇನ್ನೊಂದು ಕಾರ್ಡ್, ಒಂದೇ ಗೆರೆ. ಹೊತ್ತು ಮೀರಿದ ಮೇಲೆ ಹನಿ ಒಣಗಿ ಇಂಥ ಬಣ್ಣವಿಲ್ಲದ ಗೆರೆ ಮೂಡುತ್ತೆ, ಅದಕ್ಕೇ ಕವರಿನ ಮೇಲೆ ಇಷ್ಟು ನಿಮಿಷದೊಳಗೆ ನೋಡಿ ಅಂತ ಬರೆದಿರುತ್ತಾರೆ. ಓದಿದ್ದು ಆಮೇಲೆ.

ಬಸಿರಲ್ಲ ಅಂದ ಮೇಲೆ ಏನೋ ಕೆಟ್ಟಿದೆ ಅಂತ ತಲೆಯಲ್ಲಿ ಕೂತುಬಿಟ್ಟಿತು. ಅತ್ತೆ ಬೇರೆ ಊರಿಂದ ಫೋನ್ ಮಾಡಿದಾಗಲೆಲ್ಲ "ವಿಶೇಷ ಏನಾದ್ರೂ ಇದ್ಯೇನಮ್ಮಾ?" ಅಂತ ಕೇಳೋರು. ಪಾಪ, ಅವರು ಸುಮ್ನೆ ಕೇಳಿದ್ದು, ನನಗೆ ಮಾತ್ರ ಅದು ಮುಳ್ಳು ಚುಚ್ಚಿದ ಹಾಗೆ. ಡಾಕ್ಟರ್ ಹತ್ತಿರ ಹೋಗುವ ಮೊದಲೇ ಮನೆಗೆ ಬಂದು ರಕ್ತ ತಗೊಂಡು ಹೋಗುವ ಒಂದು ಲ್ಯಾಬಿನ ಪ್ಯಾಕೇಜ್ ಬುಕ್ ಮಾಡಿದೆ. ಫೆಬ್ರವರಿ 23, ಮಾತ್ರೆ ಬಿಟ್ಟು ನಲವತ್ತನೇ ದಿನ. ಬುಕ್ ಮಾಡುವಾಗ ಆ ಹುಡುಗಿ "ಪೀರಿಯಡ್ಸ್‌ನ ಎರಡನೇ ದಿನ ಕೊಡಿ ಮೇಡಂ, ಆಗ ಕರೆಕ್ಟ್ ಬರುತ್ತೆ" ಅಂದಳು. ಅದೇ ಬರ್ತಿಲ್ಲ ಅಂತಲೇ ಟೆಸ್ಟ್ ಮಾಡಿಸ್ತಿರೋದು ತಾಯಿ, ಅಂದೆ.

ರಿಪೋರ್ಟ್ ಬಂತು. ಎಎಂಎಚ್ 2.2. ಅಂಡಾಶಯದಲ್ಲಿ ಎಷ್ಟು ಸಣ್ಣ ಅಂಡಕೋಶಗಳು ಉಳಿದಿವೆ ಅನ್ನೋದರ ಅಂದಾಜು ಅದು. ಪಕ್ಕದಲ್ಲಿ ವಯಸ್ಸಿಗೆ ಹೋಲಿಸಿದರೆ ಕಡಿಮೆ ಅನ್ನುವ ಹಾಗೆ ಕೆಂಪು ಬಾಣ. ಟೆಸ್ಟೋಸ್ಟಿರಾನ್ ನಾರ್ಮಲ್. ನಾನೇ ಅರ್ಥ ಮಾಡಿಕೊಂಡೆ: ಪಿಸಿಒಡಿ, ಅಂದರೆ ಟೆಸ್ಟೋಸ್ಟಿರಾನ್ ಥರದ ಹಾರ್ಮೋನ್ ಏರಿ ಮುಟ್ಟು ಏರುಪೇರಾಗುವ ತೊಂದರೆ, ನನಗಿಲ್ಲ, ಆದರೆ ಅಂಡಗಳು ಮುಗೀತಾ ಬಂದಿವೆ. ಎರಡೂ ತಪ್ಪು. ಆ ರಾತ್ರಿ ನಿದ್ದೆ ಬರಲಿಲ್ಲ ಅಂತ ಬೇರೆ ಹೇಳಬೇಕಾಗಿಲ್ಲ.

ಫೈಲ್ ಹಿಡಿದುಕೊಂಡು ಸ್ತ್ರೀರೋಗ ತಜ್ಞೆಯ ಹತ್ತಿರ ಹೋದಾಗ ಅವರು ಕೆಂಪು ಬಾಣ ನೋಡಲೇ ಇಲ್ಲ. ಮೊದಲು ಕೇಳಿದ್ದು, "ಮಾತ್ರೆ ಬಿಟ್ಟು ಎಷ್ಟು ದಿನ ಆಯ್ತಮ್ಮ?"

"ನಲವತ್ತೈದು ದಿನ ಮೇಡಂ."

"ಮತ್ತೆ ಇದನ್ನ ಯಾರು ಮಾಡಿಸೋಕೆ ಹೇಳಿದ್ದು?"

ಸುಮ್ಮನಿದ್ದೆ.

ಅವರು ಬೈಯಲಿಲ್ಲ, ಕೂರಿಸಿಕೊಂಡು ಹೇಳಿದರು. ಮಾತ್ರೆ ತಗೊಳ್ಳುವಷ್ಟು ದಿನ ಅಂಡಾಶಯ ನಿದ್ದೆ ಮಾಡುತ್ತಿರುತ್ತೆ, ಗಾತ್ರವೂ ಕುಗ್ಗಿರುತ್ತೆ, ಎಎಂಎಚ್ ಕೂಡ ನಿಜಕ್ಕಿಂತ ಕಡಿಮೆ ತೋರಿಸುತ್ತೆ. ಇನ್ನೊಂದು ಕಡೆ ಮಾತ್ರೆಯಲ್ಲಿರುವ ಈಸ್ಟ್ರೋಜನ್ ಯಕೃತ್ತಿನಲ್ಲಿ ಒಂದು ಪ್ರೋಟೀನನ್ನು ಜಾಸ್ತಿ ಮಾಡಿಸುತ್ತೆ. ಅದು ಟೆಸ್ಟೋಸ್ಟಿರಾನನ್ನು ಹಿಡಿದು ಕಟ್ಟಿಹಾಕುತ್ತೆ. ಅಂಡಾಶಯ ಅದನ್ನು ತಯಾರಿಸುವುದೂ ಕಡಿಮೆಯಾಗಿರುತ್ತೆ. ಹಾಗಾಗಿ ಪಿಸಿಒಡಿ ಇದ್ದರೂ ರಿಪೋರ್ಟಿನಲ್ಲಿ ಮುಚ್ಚಿಹೋಗುತ್ತೆ. ಮಾತ್ರೆಯ ಹಾರ್ಮೋನ್ ಕೆಲವೇ ದಿನದಲ್ಲಿ ಮೈಯಿಂದ ಹೋಗುತ್ತೆ ನಿಜ, ಆದರೆ ಅದರ ನೆರಳು ಸರಿಯುವುದಕ್ಕೆ ವಾರಗಳು ಬೇಕು. ಅದಕ್ಕೇ ಪಿಸಿಒಡಿಗೆ ಅಂತ ಹಾರ್ಮೋನ್ ನೋಡುವುದಾದರೆ ಮಾತ್ರೆ ಬಿಟ್ಟು ಕನಿಷ್ಠ ಮೂರು ತಿಂಗಳು ಆಗಿರಬೇಕು ಅನ್ನುವುದು ಡಾಕ್ಟರುಗಳ ಲೆಕ್ಕ. ನಾನು ಸಾವಿರಾರು ರೂಪಾಯಿ ಕೊಟ್ಟು ನೆರಳಿನ ಎತ್ತರ ಅಳೆಸಿಕೊಂಡು ಬಂದಿದ್ದೆ.

ಹೆಚ್ಚಿನವರಿಗೆ ನಾಲ್ಕರಿಂದ ಆರು ವಾರದಲ್ಲಿ ಸ್ವಂತ ಮುಟ್ಟು ಬರುತ್ತೆ, ಕೆಲವರಿಗೆ ಮೂರು ತಿಂಗಳವರೆಗೂ ಎಳೆಯುತ್ತೆ, ಅಲ್ಲಿಯವರೆಗೆ ಅದು ರೋಗವಲ್ಲ, ಅಂದರು. "ಏಪ್ರಿಲ್ 14ರವರೆಗೂ ಬರದಿದ್ದರೆ ಬಾ, ಆಗ ಎಲ್ಲ ನೋಡೋಣ."

ಆದರೆ ಒಂದು ಟೆಸ್ಟಿಗೆ ಮಾತ್ರ ಮೂರು ತಿಂಗಳು ಕಾಯಬಾರದು. ಬಸಿರಿನ ಟೆಸ್ಟ್. ಯಾಕೆಂದರೆ ಅಂಡ ಬಿಡುಗಡೆ ಮೊದಲು, ಮುಟ್ಟು ಅದಾದ ಎರಡು ವಾರಕ್ಕೆ. ಮಾತ್ರೆ ಬಿಟ್ಟ ಮೇಲೆ ಬರುವ ಮೊದಲ ಅಂಡಕ್ಕೇ ಗರ್ಭ ನಿಂತರೆ ಮುಟ್ಟು ಬರುವುದೇ ಇಲ್ಲ, ನಾವು "ಮಾತ್ರೆಯಿಂದ ಇನ್ನೂ ಸರಿಯಾಗಿಲ್ಲ" ಅಂದುಕೊಂಡು ಕೂತಿರುತ್ತೇವೆ. ಎಷ್ಟೋ ಜನ ಹಾಗೆ ಮೂರನೇ ತಿಂಗಳಲ್ಲಿ ಬರುತ್ತಾರೆ ಅಂದರು ಮೇಡಂ.

"ಮಾಡಿದೀನಿ ಮೇಡಂ, 20ಕ್ಕೆ, ನೆಗೆಟಿವ್."

"ಕೊನೇ ಸಲ ಸೇರಿದ್ದು ಯಾವಾಗ?"

ಆ ವಾರವೇ. ಅವರು ಟೇಬಲ್ ಕ್ಯಾಲೆಂಡರ್ ನನ್ನ ಕಡೆ ತಿರುಗಿಸಿ 20ರಿಂದ ಹಿಂದಕ್ಕೆ ಮೂರು ವಾರ ಪೆನ್ನಿನ ತುದಿಯಲ್ಲಿ ಎಣಿಸಿದರು. ಜನವರಿ 30. "ನಿನ್ನ ಟೆಸ್ಟ್ ಗ್ಯಾರಂಟಿಯಾಗಿ ಹೇಳ್ತಿರೋದು ಇಲ್ಲೀವರೆಗಿಂದು ಮಾತ್ರ. ಇದಾದ ಮೇಲಿಂದಕ್ಕೆ ಅದು ಇನ್ನೂ ಉತ್ತರ ಕೊಟ್ಟಿಲ್ಲ."

ಇದು ನನಗೆ ಹೊಸ ವಿಷಯ. ಡೇಟ್ ಸರಿಯಾಗಿ ಆಗುವವರು ಡೇಟ್ ತಪ್ಪಿದ ದಿನದಿಂದ ಎಣಿಸುತ್ತಾರೆ. ನಮ್ಮಂಥವರಿಗೆ ತಪ್ಪುವುದಕ್ಕೆ ಡೇಟೇ ಇಲ್ಲ. ಹಾಗಾಗಿ ಕೊನೆಯ ಬಾರಿ ಸೇರಿದ ದಿನದಿಂದ 21 ದಿನ ಎಣಿಸಬೇಕು, ಅಷ್ಟೊತ್ತಿಗೆ ಬಸಿರಿದ್ದರೆ ಮೂತ್ರದಲ್ಲಿ ಹಾರ್ಮೋನ್ ಕಾಣುವಷ್ಟು ಏರಿರುತ್ತೆ. ಮಗು ಬೇಕು ಅಂತ ಪ್ರಯತ್ನ ಮಾಡುವವರಿಗೆ ಆ ಕೊನೆಯ ಬಾರಿ ಅನ್ನೋದು ಮುಂದೆ ಮುಂದೆ ಸರಿಯುತ್ತಲೇ ಇರುತ್ತೆ, ಒಂದು ಟೆಸ್ಟಿನಿಂದ ಬಾಗಿಲು ಹಾಕಿಕೊಳ್ಳಲಾಗದು. ಮೂರು ವಾರಕ್ಕೊಮ್ಮೆ ಬೆಳಗಿನ ಮೊದಲ ಮೂತ್ರದಲ್ಲಿ ನೋಡು, ದಿನಾ ನೋಡಬೇಡ ಅಂದರು. ಇನ್ನೊಂದು ಮಾತು, ಮೂರು ತಿಂಗಳು ಕಾಯುವ ಈ ಲೆಕ್ಕ ಏನೂ ತೊಂದರೆ ಇಲ್ಲದವರಿಗೆ. ಎದೆಯಿಂದ ಹಾಲು ಬಂದರೆ, ತಲೆನೋವಿನ ಜೊತೆ ಕಣ್ಣು ಮಂಜಾದರೆ, ಇದ್ದಕ್ಕಿದ್ದ ಹಾಗೆ ಮೈ ಬಿಸಿಯೇರಿ ಬೆವರಿದರೆ, ತೂಕ ತುಂಬಾ ಇಳಿದಿದ್ದರೆ, ಆಗಲೇ ಬರಬೇಕು. ಟೆಸ್ಟ್ ಪಾಸಿಟಿವ್ ಇದ್ದು ಕಿಬ್ಬೊಟ್ಟೆಯ ಒಂದು ಕಡೆ ಜೋರು ನೋವು ಬಂದರೆ ರಾತ್ರಿಯಾದರೂ ಆಸ್ಪತ್ರೆಗೆ.

ಮಾರ್ಚ್ 12ಕ್ಕೆ ಮಾಡಿದೆ, ನೆಗೆಟಿವ್. ಈ ಸಲ ಏಳು ನಿಮಿಷಕ್ಕೆ ಕಾರ್ಡ್ ಕಸದ ಬುಟ್ಟಿಯಲ್ಲಿತ್ತು.

ನಡುವೆ ಅರಸೀಕೆರೆಯ ನಮ್ಮ ಅತ್ತಿಗೆಗೆ ಫೋನ್ ಮಾಡಿ ಹೇಳಿಕೊಂಡಿದ್ದೆ. "ಅಯ್ಯೋ ಬಿಡೇ, ನಂಗೆ ಒಂದು ವರ್ಷ ಆಗ್ಲಿಲ್ಲ, ಆಮೇಲೆ ಚಿಂಟು ಹುಟ್ಟಲಿಲ್ವಾ, ಟೆಸ್ಟ್ ಗಿಸ್ಟ್ ಏನೂ ಬೇಡ" ಅಂದರು. ಕೇಳಿ ಸಮಾಧಾನ ಆಯಿತು, ಆದರೆ ಅವರ ಕಥೆ ನನಗೆ ಹೊಂದುವುದಿಲ್ಲ ಅಂತ ಆಮೇಲೆ ಗೊತ್ತಾಯಿತು. ಅತ್ತಿಗೆ ತಗೊಂಡಿದ್ದು ಮಾತ್ರೆಯಲ್ಲ, ಅಂತರಾ ಇಂಜೆಕ್ಷನ್, ಮೂರು ತಿಂಗಳಿಗೊಂದು. ಅದು ಮೈಯಲ್ಲಿ ನಿಧಾನ ಕರಗುವ ಮದ್ದು, ನಿಲ್ಲಿಸಿದ ಮೇಲೂ ತಿಂಗಳುಗಟ್ಟಲೆ ಮುಟ್ಟು ಬರದಿರುವುದು ಅದರಲ್ಲಿ ಮಾಮೂಲು. ವಾರಕ್ಕೆ ಒಂದೆರಡು ಸಲ ತಗೊಳ್ಳುವ ಛಾಯಾ ಮಾತ್ರೆ ಇನ್ನೊಂದು ಜಾತಿ, ಅದರಲ್ಲಿ ಈ 21ರ, ಏಳರ ಲೆಕ್ಕವೇ ಇಲ್ಲ. ಹಾಗಾಗಿ ಯಾರಾದರೂ "ನಂಗೂ ಹಾಗೇ ಆಗಿತ್ತು" ಅಂದರೆ ಏನು ತಗೊಂಡಿದ್ರಿ ಅಂತ ಮೊದಲು ಕೇಳಿ.

ಯುಗಾದಿ ಬಂತು, ಹೋಯಿತು. ಊರಿಗೆ ಹೋಗುವಾಗ ಬ್ಯಾಗಿನಲ್ಲಿ ಪ್ಯಾಡ್ ಇಟ್ಟುಕೊಂಡು ಹೋಗಿದ್ದೆ, ಇನ್ನೂ ನಂಬಿಕೆ ಇತ್ತು. ಹಾಗೇ ವಾಪಸ್ ತಂದೆ. ಅಲ್ಲಿ ಒಂದು ಮಧ್ಯಾಹ್ನ ಅಮ್ಮನ ಜೊತೆ ಮಾತಾಡುವಾಗ, ಮುಂಚೆ ಎಲ್ಲ ಸರಿಯಾಗಿತ್ತು, ಈ ಮಾತ್ರೆಯಿಂದಲೇ ಹಾಳಾಯಿತು ನೋಡು ಅಂದೆ. ಅಮ್ಮ ಹೋಳಿಗೆ ಕಾಯಿಸುತ್ತಿದ್ದವರು ತಿರುಗಿ ನೋಡಿದರು.

"ಯಾವಾಗ ಸರಿಯಾಗಿತ್ತು? ಪಿಯುಸಿಲಿ ಎರಡೆರಡು ತಿಂಗಳಿಗೆ ಆಗ್ತಿರ್ಲಿಲ್ವಾ? ನಾನೇ ಡಾಕ್ಟರ್ ಹತ್ರ ಕರ್ಕೊಂಡು ಹೋಗಿದ್ದೆ. ವಯಸ್ಸಿಗೆ ಸರಿ ಹೋಗುತ್ತೆ ಅಂದ್ರು, ಬಿಟ್ವಿ."

ನಾನು ಅದನ್ನು ಪೂರ್ತಿ ಮರೆತಿದ್ದೆ. ಮೂರು ವರ್ಷ 28 ದಿನಕ್ಕೊಮ್ಮೆ ಆಗುತ್ತಿದ್ದುದರಿಂದ ನಾನು ಯಾವಾಗಲೂ ಹೀಗೇ ಇದ್ದೆ ಅಂತ ಮನಸ್ಸು ನಂಬಿಬಿಟ್ಟಿತ್ತು. ಡಿಗ್ರಿ ಓದುವಾಗಲೂ 45, 50 ದಿನ ಆಗುತ್ತಿತ್ತು, ಪರೀಕ್ಷೆ ಹತ್ತಿರ ಬಂದಾಗ ಇನ್ನೂ ಜಾಸ್ತಿ. ಹಾಸ್ಟೆಲ್‌ನಲ್ಲಿ ಎಲ್ಲರೂ ಗೊಣಗುವಾಗ ನಾನು ಖುಷಿಯಾಗಿ ಓಡಾಡುತ್ತಿದ್ದೆ.

ಏಪ್ರಿಲ್ 14ರ ಬೆಳಗ್ಗೆ ಮತ್ತೊಂದು ಕಾರ್ಡ್, ನೆಗೆಟಿವ್. 15ಕ್ಕೆ ಮೇಡಂ ಹತ್ತಿರ. ಪಿಯುಸಿ ಕಥೆ ಹೇಳಿದೆ. "ಇದನ್ನ ಮೊದಲೇ ಹೇಳಿದ್ರೆ ಅರ್ಧ ಕೆಲಸ ಮುಗೀತಿತ್ತಲ್ಲಮ್ಮ" ಅಂದರು. ಮಾತ್ರೆ ಹೊಸದಾಗಿ ಏನನ್ನೂ ಕೆಡಿಸಿರಲಿಲ್ಲ, ಮೊದಲಿನಿಂದ ಇದ್ದದ್ದನ್ನು ಮುಚ್ಚಿಟ್ಟಿತ್ತು, ಎತ್ತಿದ ಮೇಲೆ ಅದೇ ಹೊರಗೆ ಬಂತು. ಮೊದಲಿನಿಂದಲೂ ಏರುಪೇರು ಇದ್ದವರಿಗೆ ಆರು ತಿಂಗಳವರೆಗೆ ನೋಡುವ ಪದ್ಧತಿಯೂ ಇದೆಯಂತೆ, ಆದರೆ ಮಗುವಿಗೆ ಪ್ರಯತ್ನ ಮಾಡುವವರು ಅಷ್ಟು ಕಾಯುವುದರಲ್ಲಿ ಅರ್ಥವಿಲ್ಲ. ಮತ್ತೆ ಮೂರು ತಿಂಗಳ ಗಡಿಗೆ ಇನ್ನೊಂದು ಕಾರಣವನ್ನೂ ಹೇಳಿದರು: ಅಂಡ ಬಿಡುಗಡೆಯಾಗದೆ ಈಸ್ಟ್ರೋಜನ್ ಮಾತ್ರ ಇರುವವರಲ್ಲಿ ಗರ್ಭಕೋಶದ ಒಳಪದರ ಕಳಚದೆ ದಪ್ಪವಾಗುತ್ತಲೇ ಹೋಗಬಹುದು. ವರ್ಷಗಟ್ಟಲೆ ಹಾಗೇ ಬಿಟ್ಟರೆ ಒಳ್ಳೆಯದಲ್ಲ, ಮೂರು ತಿಂಗಳಿಗೊಮ್ಮೆಯಾದರೂ ಕಳಚಬೇಕು.

ಟೆಸ್ಟ್ ಬರೆಯುವ ಮುಂಚೆ ಬೇರೇನು ಮಾತ್ರೆ ತಗೋತೀಯ ಅಂದರು. ಏನಿಲ್ಲ ಮೇಡಂ, ಸುಮ್ನೆ ಗ್ಯಾಸಿಗೆ ಒಂದು ಬೆಳಗ್ಗೆ ಹೊತ್ತು ಅಂದೆ. ಬ್ಯಾಗಿನಿಂದ ತೆಗೆದು ಕೊಟ್ಟ ಸ್ಟ್ರಿಪ್‌ನ ಹಿಂದೆ ಇದ್ದ ಸಣ್ಣ ಅಕ್ಷರ ಓದಿ, ಇದರಲ್ಲಿ ಡೊಂಪೆರಿಡೋನ್ ಇದೆ, ಇದು ಎದೆಹಾಲು ಬರಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನನ್ನು ಏರಿಸುತ್ತೆ, ಪ್ರೊಲ್ಯಾಕ್ಟಿನ್ ಏರಿದರೆ ಅದೇ ಮುಟ್ಟು ನಿಲ್ಲಿಸಬಹುದು ಅಂದರು. ಗ್ಯಾಸಿನ ಮಾತ್ರೆ! ನಮ್ಮ ಆಫೀಸಿನಲ್ಲಿ ಪೆಪ್ಪರ್‌ಮೆಂಟ್ ಥರ ಹಂಚಿಕೊಂಡು ತಿನ್ನುತ್ತೇವೆ. ನಿಲ್ಲಿಸಿ ಐದು ದಿನ ಬಿಟ್ಟು, ಎದ್ದು ಒಂದೆರಡು ಗಂಟೆಯಾದ ಮೇಲೆ, ಗಾಬರಿಯಿಂದ ಓಡಿಕೊಂಡು ಬರದೆ ರಕ್ತ ಕೊಡು ಅಂದರು. ಹಾಗಾಗಿ ರಕ್ತ ಕೊಟ್ಟಿದ್ದು 20ಕ್ಕೆ.

ಪಟ್ಟಿ ನಾನು ಅಂದುಕೊಂಡಷ್ಟು ಉದ್ದವಿರಲಿಲ್ಲ. ಮೊದಲು ರಕ್ತದಲ್ಲಿ ಬಸಿರಿನ ಟೆಸ್ಟ್, ಆಮೇಲೆ ಥೈರಾಯ್ಡ್, ಪ್ರೊಲ್ಯಾಕ್ಟಿನ್, ಮೆದುಳಿನಿಂದ ಅಂಡಾಶಯಕ್ಕೆ ಹೋಗುವ ಎರಡು ಹಾರ್ಮೋನ್, ಈಸ್ಟ್ರೋಜನ್, ಟೆಸ್ಟೋಸ್ಟಿರಾನ್. ಎಎಂಎಚ್ ಅವರು ಬರೆದಿರಲಿಲ್ಲ, ನಾನೇ ಹಟ ಮಾಡಿ ಸೇರಿಸಿಕೊಂಡೆ, ಆ ಕೆಂಪು ಬಾಣ ಇನ್ನೂ ಚುಚ್ಚುತ್ತಿತ್ತು. ಜೊತೆಗೆ ಸ್ಕ್ಯಾನಿಂಗ್. ಎರಡನೇ ದಿನ ಗಿರನೇ ದಿನ ಏನಿಲ್ಲ, ಮುಟ್ಟೇ ಇಲ್ಲದವರು ಯಾವ ದಿನವಾದರೂ ಕೊಡಬಹುದು.

ಬಸಿರಿಲ್ಲ. ಥೈರಾಯ್ಡ್ ಸರಿ, ಪ್ರೊಲ್ಯಾಕ್ಟಿನ್ 17, ಸರಿ. ಟೆಸ್ಟೋಸ್ಟಿರಾನ್ ಈ ಸಲ ಮಿತಿಗಿಂತ ಸ್ವಲ್ಪ ಮೇಲೆ. ಎಎಂಎಚ್ 3.6. ಎರಡು ತಿಂಗಳಲ್ಲಿ ಹೊಸ ಅಂಡ ಹುಟ್ಟಿಕೊಂಡಿದ್ದಲ್ಲ, ನೆರಳು ಸರಿದಿದ್ದು. ಸ್ಕ್ಯಾನಿಂಗ್‌ನಲ್ಲಿ ಎರಡೂ ಅಂಡಾಶಯ ಸ್ವಲ್ಪ ದೊಡ್ಡವು, ಅಂಚಿನಲ್ಲಿ ಸಣ್ಣ ಸಣ್ಣ ಕಪ್ಪು ಚುಕ್ಕೆಗಳು, ಸಾಬಕ್ಕಿ ಜೋಡಿಸಿಟ್ಟ ಹಾಗೆ. ಒಳಪದರ 9 ಮಿಲಿಮೀಟರ್. ಮೇಡಂ ಹೆಸರು ಹೇಳಿದರು, ನಾವೆಲ್ಲ ಪಿಸಿಒಡಿ ಅನ್ನೋದೇ. ಫೆಬ್ರವರಿಯ ನನ್ನ ರಿಪೋರ್ಟ್ ಪ್ರಕಾರ ನನಗೆ ಅದು ಇರಲೇ ಇಲ್ಲ.

ಆಮೇಲೆ ಮೆಡ್ರಾಕ್ಸಿಪ್ರೊಜೆಸ್ಟಿರಾನ್ 10 ಮಿಲಿಗ್ರಾಂ, ದಿನಕ್ಕೊಂದರಂತೆ ಹತ್ತು ದಿನ ಬರೆದುಕೊಟ್ಟರು. ಇದನ್ನು ಮೆಡಿಕಲ್ಸ್‌ನಲ್ಲಿ "ಡೇಟ್ ಬರೋ ಮಾತ್ರೆ" ಅಂತ ಕೇಳಿ ತಗೊಳ್ಳುವವರು ಬೇಕಾದಷ್ಟು ಜನ ಇದ್ದಾರೆ, ನನಗೂ ಮಾರ್ಚ್‌ನಲ್ಲಿ ಗೆಳತಿಯೊಬ್ಬಳು ಹೇಳಿದ್ದಳು. ಬಸಿರಿಲ್ಲ ಅಂತ ಖಾತ್ರಿಯಾಗದೆ, ಕಾರಣ ಹುಡುಕದೆ ತಗೊಂಡರೆ ಅದು ಇನ್ನೊಂದು ಮುಚ್ಚಳ ಅಷ್ಟೇ. ಸರಿಯಾಗಿ ಬಳಸಿದರೆ ಅದೂ ಒಂದು ಪರೀಕ್ಷೆ. ಮುಗಿದ ಮೇಲೆ ಒಂದು ವಾರ ಹತ್ತು ದಿನದೊಳಗೆ ರಕ್ತ ಹೋದರೆ ಮೈಯಲ್ಲಿ ಈಸ್ಟ್ರೋಜನ್ ಇದೆ, ಒಳಪದರ ಬೆಳೆದಿದೆ, ಹೊರಗೆ ಬರುವ ದಾರಿ ತೆರೆದಿದೆ ಅಂತ ಅರ್ಥ. ಹೋಗದಿದ್ದರೆ ಬೇರೆ ಕಡೆ ಹುಡುಕಬೇಕು, ತೂಕ, ಊಟ, ಅತಿಯಾದ ವ್ಯಾಯಾಮ, ಮೆದುಳಿನ ಹಾರ್ಮೋನ್, ಹೀಗೆ.

ಏಪ್ರಿಲ್ 22ರಿಂದ ಮೇ 1ರವರೆಗೆ ತಗೊಂಡೆ. ಮೇ 4ರ ಬೆಳಗ್ಗೆ ಆಯಿತು. ಜೋರಾಗಿಯೇ ಆಯಿತು, ಹೊಟ್ಟೆ ಹಿಡಿದುಕೊಂಡು ಮಲಗಿದ್ದರೂ ನಗು ಬರುತ್ತಿತ್ತು. ಅಮ್ಮನಿಗೆ ಫೋನ್ ಮಾಡಿದರೆ, ಇಂಥದ್ದಕ್ಕೂ ಫೋನ್ ಮಾಡ್ತಾರಾ ಅಂದರು. ಆದರೆ ಮೇಡಂ ಮೊದಲೇ ಎಚ್ಚರಿಸಿದ್ದರು, ಇದೂ ಮಾತ್ರೆಯದ್ದೇ, ನಿನ್ನದಲ್ಲ. ಅದಕ್ಕೆ ಒಂದು ಪಾಕೆಟ್ ಡೈರಿ ತಗೊಂಡು ಜನವರಿ 17 ಮತ್ತು ಮೇ 4 ಎರಡನ್ನೂ ನೀಲಿ ಪೆನ್ನಿನಲ್ಲಿ ಬರೆದೆ. ಕೆಂಪು ಪೆನ್ ಪಕ್ಕಕ್ಕಿಟ್ಟುಕೊಂಡೆ.

ಜೂನ್ ಮಧ್ಯದವರೆಗೂ ಕೆಂಪು ಪೆನ್ನಿಗೆ ಕೆಲಸ ಬರಲಿಲ್ಲ. ಜೂನ್ 14ಕ್ಕೆ ಕಾರ್ಡ್ ಮಾಡಿದೆ, ಒಂದೇ ಗೆರೆ, ಐದು ನಿಮಿಷಕ್ಕೆ ಎಸೆದೆ. ಮಾರನೇ ದಿನ ಆಫೀಸಿನಲ್ಲಿ ಮೀಟಿಂಗ್ ಮಧ್ಯೆ ಗೊತ್ತಾಯಿತು. ಮೇ 4ರಿಂದ 42 ದಿನ. ಡಿಗ್ರಿಯಲ್ಲಿ ಆಗುತ್ತಿದ್ದಷ್ಟೇ ಹೆಚ್ಚುಕಮ್ಮಿ. ಮುಂದಿನದು ಜುಲೈ 24, 39 ದಿನಕ್ಕೆ. ಅದೂ ಕೆಂಪು.

ಈಗ ಆಗಸ್ಟ್ ಮೊದಲ ವಾರ. ಇನ್ನೂ ಎರಡು ಮೂರು ತಿಂಗಳು ಹೀಗೇ ನೋಡೋಣ, ಆಗದಿದ್ದರೆ ಅಂಡ ಬಿಡುಗಡೆಗೆ ಮಾತ್ರೆ ಶುರು ಮಾಡೋಣ ಅಂತ ಮೇಡಂ ಹೇಳಿದ್ದಾರೆ. ಗ್ಯಾಸಿನ ಮಾತ್ರೆ ಬಿಟ್ಟಿದ್ದೇನೆ, ಆಫೀಸಿನ ಡ್ರಾಯರಿನಲ್ಲಿ ಅರ್ಧ ಸ್ಟ್ರಿಪ್ ಇನ್ನೂ ಇದೆ. ಅತ್ತೆ ಮೊನ್ನೆ ಫೋನ್ ಮಾಡಿದಾಗ ಮತ್ತೆ ವಿಶೇಷ ಕೇಳಿದರು. ಈ ಸಲ ಹೇಳಿಬಿಟ್ಟೆ, ಡೇಟ್ ಸರಿಯಾಗಿ ಆಗ್ತಿಲ್ಲ ಅತ್ತೆ, ತೋರಿಸ್ತಿದೀನಿ ಅಂತ. ಒಂದು ನಿಮಿಷ ಸುಮ್ಮನಿದ್ದು ಅಂದರು, "ನಂಗೂ ಹಾಗೇ ಇತ್ತು ಕಣಮ್ಮ. ನಿನ್ನ ಗಂಡ ಹುಟ್ಟೋಕೆ ಐದು ವರ್ಷ ಆಯ್ತು, ಆಗ ಯಾರ್ಗೂ ಹೇಳ್ಕೊಳ್ಳೋ ಹಾಗೂ ಇರ್ಲಿಲ್ಲ."